ಒಂದು ಕಿಲೋ, ಹೆಚ್ಚುಕಡಿಮೆ

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಒಂದು ಕ್ಯಾಲಿಬ್ರೇಷನ್ ಲ್ಯಾಬ್ ಇದೆ ಅಂದುಕೊಳ್ಳಿ. ಔಷಧ ಕಾರ್ಖಾನೆಯೊಂದರಿಂದ ಅಲ್ಲಿಗೆ ಒಂದು ಮರದ ಪೆಟ್ಟಿಗೆ ಬರುತ್ತದೆ. ಒಳಗೆ ಹಿತ್ತಾಳೆಯ ಒಂದು ಕಿಲೋಗ್ರಾಂ ತೂಕದ ಬಟ್ಟು. ಕಾರ್ಖಾನೆಯವರು ತಮ್ಮ ತಕ್ಕಡಿಗಳನ್ನು ಪರೀಕ್ಷಿಸುವುದು ಇದರಿಂದಲೇ. ಲ್ಯಾಬಿನವರು ಅದನ್ನು ತೂಗಿ ಸರ್ಟಿಫಿಕೇಟ್ ಬರೆಯುತ್ತಾರೆ. ಅದರಲ್ಲಿ ಮುಖ್ಯವಾದ ಅಂಕಿಗಳು ಎರಡೇ. ಮೊದಲನೆಯದು, ಈ ಬಟ್ಟು ಒಂದು ಕಿಲೋಗಿಂತ 14 ಮಿಲಿಗ್ರಾಂ ಜಾಸ್ತಿ ಇದೆ ಎನ್ನುವುದು. ಎರಡನೆಯದು ಅದರ ಪಕ್ಕದಲ್ಲೇ ಕೂತಿರುತ್ತದೆ: ಹೆಚ್ಚುಕಡಿಮೆ 2.6 ಮಿಲಿಗ್ರಾಂ.

ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಮೊದಲ ಅಂಕಿಯನ್ನು ಮಾತ್ರ ಓದಿ, ಸರ್ಟಿಫಿಕೇಟನ್ನು ಫೈಲಿಗೆ ಸೇರಿಸುತ್ತಾರೆ. ಆಡಿಟರ್ ಬಂದಾಗ ತೋರಿಸಿದರಾಯಿತು. ನನಗೆ ಕುತೂಹಲ ಎರಡನೆಯ ಅಂಕಿಯ ಮೇಲೆ. ಆ 2.6 ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟರೆ ದೆಹಲಿ ದಾಟಿ ಪ್ಯಾರಿಸ್ಸಿನ ಪಕ್ಕದ ಸೆವ್ರ್ ಊರಿನವರೆಗೆ ಹೋಗಬೇಕಾಗುತ್ತದೆ. ಆದರೆ ಅದರ ಬಹುಪಾಲು ಹುಟ್ಟಿದ್ದು ಪೀಣ್ಯದಲ್ಲೇ.

ತೂಕದ ಬಟ್ಟಿಗೆ ತನ್ನ ತೂಕ ಎಷ್ಟೆಂದು ತಾನಾಗಿ ಗೊತ್ತಿರುವುದಿಲ್ಲ. ಅದಕ್ಕಿಂತ ಚೆನ್ನಾಗಿ ಅಳೆದಿಟ್ಟ ಇನ್ನೊಂದು ಬಟ್ಟಿನ ಜೊತೆ ಹೋಲಿಸಿಯೇ ತಿಳಿಯಬೇಕು. ಲ್ಯಾಬಿನಲ್ಲಿ ದಿನನಿತ್ಯದ ಕೆಲಸಕ್ಕೆ ಬಳಸುವ ಬಟ್ಟು ವರ್ಕಿಂಗ್ ಸ್ಟ್ಯಾಂಡರ್ಡ್. ಅದನ್ನು ಹೋಲಿಸುವುದು ಅದೇ ಲ್ಯಾಬಿನ ಕಪಾಟಿನಲ್ಲಿ ಜೋಪಾನವಾಗಿಟ್ಟ ರೆಫರೆನ್ಸ್ ಸ್ಟ್ಯಾಂಡರ್ಡ್ ಜೊತೆ. ರೆಫರೆನ್ಸ್ ಸ್ಟ್ಯಾಂಡರ್ಡಿನ ತೂಕವನ್ನು ಅದಕ್ಕಿಂತ ಮೇಲಿನ ಲ್ಯಾಬ್ ಹೇಳಿರುತ್ತದೆ. ಆ ಲ್ಯಾಬಿನ ಬಟ್ಟುಗಳ ತೂಕ ಹೇಳುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್. ಎಲ್ಲೂ ತುಂಡಾಗದ ಈ ಹೋಲಿಕೆಗಳ ಸರಪಳಿಗೆ ಟ್ರೇಸಬಿಲಿಟಿ ಎನ್ನುತ್ತಾರೆ. ಇದಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿದ ವ್ಯಾಖ್ಯೆಯಲ್ಲಿ ಇನ್ನೊಂದು ಷರತ್ತೂ ಇದೆ: ಪ್ರತಿ ಕೊಂಡಿಯೂ ಅನಿಶ್ಚಿತತೆಗೆ ತನ್ನ ಪಾಲನ್ನು ಸೇರಿಸುತ್ತದೆ, ಆ ಪಾಲು ದಾಖಲಾಗಿರಬೇಕು. ಹಾಗಾಗಿ ಅನಿಶ್ಚಿತತೆಯ ಅಂಕಿಯೇ ಇಲ್ಲದೆ 'ಎನ್‌ಪಿಎಲ್‌ಗೆ ಟ್ರೇಸಬಲ್' ಎಂದು ಮಾತ್ರ ಅಂಟಿಸಿದ ಸ್ಟಿಕ್ಕರಿಗೆ ಬೆಲೆಯಿಲ್ಲ.

ತರಕಾರಿ ಅಂಗಡಿಯ ತಕ್ಕಡಿಗೂ ಇಂಥದೇ ಒಂದು ಏಣಿ ಇದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರ್ ಮುದ್ರೆ ಒತ್ತಲು ಬಂದಾಗ ಜೊತೆಗೆ ತರುವ ಬಟ್ಟುಗಳು ವರ್ಕಿಂಗ್ ಸ್ಟ್ಯಾಂಡರ್ಡ್‌ಗಳು. ವರ್ಷಕ್ಕೊಮ್ಮೆ ಅವನ್ನು ರಾಜ್ಯದ ಸೆಕೆಂಡರಿ ಸ್ಟ್ಯಾಂಡರ್ಡ್‌ಗಳ ಜೊತೆ ಹೋಲಿಸಬೇಕು. ಸೆಕೆಂಡರಿಗಳು ಎರಡು ವರ್ಷಕ್ಕೊಮ್ಮೆ ಕೇಂದ್ರ ಸರ್ಕಾರದ ಪ್ರಾದೇಶಿಕ ರೆಫರೆನ್ಸ್ ಲ್ಯಾಬಿಗೆ ಹೋಗಬೇಕು. ಅಂಥ ಲ್ಯಾಬುಗಳಲ್ಲಿ ಒಂದು ಬೆಂಗಳೂರಿನ ಜಕ್ಕೂರಿನಲ್ಲಿದೆ. ಎರಡೂ ಏಣಿಗಳು ಕೊನೆಗೆ ಹೋಗಿ ಒರಗುವುದು ಎನ್‌ಪಿಎಲ್ ಗೋಡೆಗೇ.

ಆ ಗೋಡೆಯ ಹಿಂದೆ ಇರುವುದು ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಒಂದು ಉರುಳೆ. ಎತ್ತರವೂ ವ್ಯಾಸವೂ ಸುಮಾರು 39 ಮಿಲಿಮೀಟರ್, ಹಿಡಿದರೆ ಮುಷ್ಟಿಯೊಳಗೆ ಅಡಗುವಷ್ಟು. ಅದರ ಸಂಖ್ಯೆ 57, ಭಾರತದ ರಾಷ್ಟ್ರೀಯ ಕಿಲೋಗ್ರಾಂ ಅದು. ಸೆವ್ರ್‌ನ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಲ್ಲಿದ್ದ ಮೂಲ ಕಿಲೋಗ್ರಾಂನ ಅಧಿಕೃತ ಪ್ರತಿಗಳಲ್ಲಿ ಇದೂ ಒಂದು. 2019ರ ಮೇ 20ರವರೆಗೆ ಸೆವ್ರ್‌ನ ಆ ಮೂಲ ಉರುಳೆಯ ತೂಕದಲ್ಲಿ ಅನಿಶ್ಚಿತತೆ ಎಂಬುದೇ ಇರಲಿಲ್ಲ, ಏಕೆಂದರೆ ಅದರ ತೂಕವೇ ಕಿಲೋಗ್ರಾಂ ಎಂದು ಜಗತ್ತು ಒಪ್ಪಿಕೊಂಡಿತ್ತು. ಅದರ ಮೇಲೆ ಧೂಳು ಕೂತರೆ ಇಡೀ ವಿಶ್ವ ಅಷ್ಟು ಹಗುರವಾಯಿತು ಎನ್ನಬೇಕಿತ್ತು! ನೂರು ವರ್ಷಗಳಲ್ಲಿ ಅದಕ್ಕೂ ಅದರ ಒಡಹುಟ್ಟಿದ ಪ್ರತಿಗಳಿಗೂ ನಡುವೆ ಸುಮಾರು 50 ಮೈಕ್ರೊಗ್ರಾಂ ಅಂತರ ಬೆಳೆದಿರುವುದು ಕಂಡುಬಂತು. ಮೈಕ್ರೊಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದ ಒಂದು ಪಾಲು. ಅಷ್ಟರಲ್ಲಿ ಯಾರದು ಬದಲಾಯಿತು, ಮೂಲದ್ದೋ ಪ್ರತಿಗಳದ್ದೋ, ಹೇಳಲು ದಾರಿಯಿರಲಿಲ್ಲ.

ಈಗ ಕಿಲೋಗ್ರಾಂ ನಿಂತಿರುವುದು ಪ್ಲಾಂಕ್ ಸ್ಥಿರಾಂಕದ ಮೇಲೆ. ಅದರ ಬೆಲೆಯನ್ನು ಒಂದು ಅಂಕಿಯಾಗಿ ಕಟ್ಟಿಹಾಕಲಾಗಿದೆ, ಅದರಲ್ಲಿ ಅನಿಶ್ಚಿತತೆ ಸೊನ್ನೆ. ಆದರೆ ಸ್ಥಿರಾಂಕವನ್ನು ತಕ್ಕಡಿಯ ತಟ್ಟೆಯ ಮೇಲೆ ಇಡಲಾಗುವುದಿಲ್ಲ. ಅದರಿಂದ ನಿಜವಾದ ಒಂದು ಕಿಲೋ ಪಡೆಯಲು ಕಿಬಲ್ ತಕ್ಕಡಿ ಬೇಕು, ಇಲ್ಲವೇ ಸಿಲಿಕಾನ್ ಗೋಲದಲ್ಲಿನ ಪರಮಾಣುಗಳನ್ನು ಎಣಿಸುವ ಪ್ರಯೋಗ ಬೇಕು. ಇಂಥ ಪ್ರಯೋಗಗಳು ಕೆಲವೇ ದೇಶಗಳಲ್ಲಿವೆ, ಅವುಗಳ ಉತ್ತರಗಳು ಇನ್ನೂ ಪರಸ್ಪರ ಪೂರ್ತಿ ಹೊಂದುವುದಿಲ್ಲ. ಹಾಗಾಗಿ ಸದ್ಯಕ್ಕೆ ಒಂದು ರಾಜಿ ಸೂತ್ರ ನಡೆಯುತ್ತಿದೆ. ಎಲ್ಲ ಫಲಿತಾಂಶಗಳಿಂದ ಒಮ್ಮತದ ಬೆಲೆಯೊಂದನ್ನು ತೆಗೆದು ಎಲ್ಲ ದೇಶಗಳೂ ಅದನ್ನೇ ಬಳಸುತ್ತವೆ. 2021ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಮೊದಲ ಒಮ್ಮತದ ಪ್ರಕಾರ, ಸೆವ್ರ್‌ನ ಹಳೆಯ ಉರುಳೆ ಒಂದು ಕಿಲೋಗಿಂತ 2 ಮೈಕ್ರೊಗ್ರಾಂ ಕಡಿಮೆ. 2023ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಒಮ್ಮತದ ಪ್ರಕಾರ ಅದು 7 ಮೈಕ್ರೊಗ್ರಾಂ ಕಡಿಮೆ. ಎರಡು ಬಾರಿಯೂ ಜೊತೆಗಿದ್ದ ಅನಿಶ್ಚಿತತೆ 20 ಮೈಕ್ರೊಗ್ರಾಂ, ಅಂದರೆ 0.02 ಮಿಲಿಗ್ರಾಂ. ವ್ಯಾಖ್ಯೆಯಲ್ಲಿ ಶುದ್ಧವಾದ ಕಿಲೋಗ್ರಾಂ ಲೋಹದೊಳಗೆ ಇಳಿಯುವಾಗಲೇ ಇಷ್ಟನ್ನು ಹೊತ್ತು ತರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಏಣಿಯ ತುದಿಯಲ್ಲಿ ಇದು ಇರಲೇ ಇಲ್ಲ. ಸುಧಾರಣೆಯಾದ ಮೇಲೆ ತುದಿಯ ಅನಿಶ್ಚಿತತೆ ಹೆಚ್ಚಿದ್ದು ಕೆಲವರಿಗೆ ವಿಚಿತ್ರ ಎನಿಸಬಹುದು. ಮೊದಲು ಒಪ್ಪಂದದ ಬಲದಿಂದ ಮುಚ್ಚಿಟ್ಟಿದ್ದು ಈಗ ಲೆಕ್ಕದ ಪುಸ್ತಕಕ್ಕೆ ಬಂದಿದೆ, ಅಷ್ಟೇ.

ಇಲ್ಲಿಂದ ಕೆಳಗಿಳಿಯುವ ಮೊದಲ ಮೆಟ್ಟಿಲೇ ಕಡಿದಾದದ್ದು. ರಾಷ್ಟ್ರೀಯ ಕಿಲೋಗ್ರಾಂ ಪ್ಲಾಟಿನಂನದು, ಅದರ ಕೆಳಗಿನ ಬಟ್ಟುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಪ್ಲಾಟಿನಂ ಮಿಶ್ರಲೋಹ ಎಷ್ಟು ಸಾಂದ್ರವೆಂದರೆ ಒಂದು ಕಿಲೋ 46.5 ಘನ ಸೆಂಟಿಮೀಟರಿನಷ್ಟೇ ಜಾಗ ಹಿಡಿಯುತ್ತದೆ. ಸ್ಟೀಲಿನ ಒಂದು ಕಿಲೋಗೆ 125 ಘನ ಸೆಂಟಿಮೀಟರ್ ಬೇಕು. ನೀರಿನಲ್ಲಿ ಮುಳುಗಿದ ಕೊಡ ಹಗುರವಾಗುವಂತೆ ಗಾಳಿಯಲ್ಲಿ ಮುಳುಗಿರುವ ವಸ್ತುವೂ ತುಸು ಹಗುರವಾಗುತ್ತದೆ. ದೊಡ್ಡ ಗಾತ್ರದ ಸ್ಟೀಲನ್ನು ಗಾಳಿ ಹೆಚ್ಚು ಎತ್ತಿಹಿಡಿಯುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ನಿಜವಾದ ದ್ರವ್ಯರಾಶಿ ಒಂದೇ ಆಗಿದ್ದರೂ, ಸ್ಟೀಲು ಸುಮಾರು 90 ಮಿಲಿಗ್ರಾಂ ಕಡಿಮೆ ತೋರಿಸುತ್ತದೆ.

ತಿದ್ದುಪಡಿಯ ಲೆಕ್ಕವೇನೋ ಗೊತ್ತಿದೆ. ಗಾಳಿಯ ಸಾಂದ್ರತೆಯನ್ನು ಎರಡು ಗಾತ್ರಗಳ ವ್ಯತ್ಯಾಸದಿಂದ ಗುಣಿಸಿದರೆ ಮುಗಿಯಿತು. ಆದರೆ ಗಾಳಿಯ ಸಾಂದ್ರತೆ ಆ ಹೊತ್ತಿನ ಉಷ್ಣತೆ, ಒತ್ತಡ, ತೇವಾಂಶಗಳನ್ನು ಅವಲಂಬಿಸಿದೆ, ಅವನ್ನು ಅಳೆಯುವ ಉಪಕರಣಗಳಿಗೂ ಅವುಗಳದೇ ಅನಿಶ್ಚಿತತೆ ಇದೆ. ತಕ್ಕಡಿಯ ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿನಷ್ಟು ತಪ್ಪಿದರೆ ಸಾಕು, 90 ಮಿಲಿಗ್ರಾಂನ ಆ ತಿದ್ದುಪಡಿ 0.03 ಮಿಲಿಗ್ರಾಂ ಅತ್ತಿತ್ತ ಆಗುತ್ತದೆ. ಕಿಬಲ್ ತಕ್ಕಡಿಗಳ ಒಮ್ಮತವೆಲ್ಲ ಸೇರಿ ಹೊತ್ತು ತಂದ 0.02ಕ್ಕಿಂತ ಇದೇ ದೊಡ್ಡದು. ಇಂಥ ಕಡೆಯ ತೂಕದ ಕೋಣೆಗಳಿಗೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ, ತೂಗುವಾಗ ತಕ್ಕಡಿಯ ಹತ್ತಿರ ಮನುಷ್ಯರೇ ಇರದಂತೆ ಯಂತ್ರದ ಕೈಯಿಂದ ಬಟ್ಟುಗಳನ್ನು ಬದಲಾಯಿಸುತ್ತಾರೆ. ಹತ್ತಿರ ನಿಂತವರ ಮೈಬಿಸಿಯೂ ಲೆಕ್ಕಕ್ಕೆ ಬರುತ್ತದೆ.

ಇಷ್ಟು ತೊಂದರೆಯಿದ್ದರೆ ಪೀಣ್ಯದ ಬಟ್ಟನ್ನು ನೇರವಾಗಿ ದೆಹಲಿಯ 57ರ ಜೊತೆಗೇ ಹೋಲಿಸಿ, ನಡುವಿನ ಮೆಟ್ಟಿಲುಗಳನ್ನೆಲ್ಲ ತಪ್ಪಿಸಬಾರದೇಕೆ ಎಂದು ಕೇಳಬಹುದು. ಮುಟ್ಟಿದಷ್ಟೂ ಸವೆಯುವುದು ಲೋಹದ ಗುಣ. ಪ್ರತಿ ಸಲ ತಟ್ಟೆಯ ಮೇಲೆ ಇಟ್ಟಾಗ ತಳ ಉಜ್ಜುತ್ತದೆ, ತೊಳೆದಾಗ ಒಂದಿಷ್ಟು ಹೋಗುತ್ತದೆ, ತೊಳೆಯದಿದ್ದರೆ ಗಾಳಿಯ ಕೊಳೆ ಕೂರುತ್ತದೆ. ದೇಶದ ಸಾವಿರಾರು ಬಟ್ಟುಗಳನ್ನು ತೂಗಲು ರಾಷ್ಟ್ರೀಯ ಕಿಲೋಗ್ರಾಂ ಹೊರತೆಗೆಯುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಅದು ರಾಷ್ಟ್ರೀಯ ಕಿಲೋಗ್ರಾಂ ಆಗಿ ಉಳಿಯುವುದಿಲ್ಲ. ಕೆಳಗಿನ ಮೆಟ್ಟಿಲುಗಳು ಸವೆತವನ್ನು ತಾವು ಹೊತ್ತುಕೊಂಡು ಮೇಲಿನದನ್ನು ಕಾಪಾಡುತ್ತವೆ. ಅದಕ್ಕೆ ತೆರಬೇಕಾದ ಸುಂಕ ಅನಿಶ್ಚಿತತೆ.

ಸುಂಕ ಮಿತಿಮೀರದಂತೆ ಒಂದು ಕಟ್ಟುಪಾಡೂ ಇದೆ. ಬಟ್ಟುಗಳಿಗೆ ಅಂತರರಾಷ್ಟ್ರೀಯವಾಗಿ ದರ್ಜೆಗಳಿವೆ: ಮೇಲಿನಿಂದ ಇ1, ಇ2, ಎಫ್1, ಎಫ್2, ಎಂ1 ಹೀಗೆ. ಒಂದು ಕಿಲೋದ ಇ1 ಬಟ್ಟು ತನ್ನ ಹೆಸರಿನ ತೂಕದಿಂದ ಅರ್ಧ ಮಿಲಿಗ್ರಾಂಗಿಂತ ಹೆಚ್ಚು ಆಚೀಚೆ ಇರಬಾರದು. ಇ2ಗೆ 1.6, ಎಫ್1ಗೆ 5, ಎಫ್2ಗೆ 16, ಎಂ1ಗೆ 50 ಮಿಲಿಗ್ರಾಂ. ಒಂದೊಂದು ಮೆಟ್ಟಿಲಿಗೂ ಸುಮಾರು ಮೂರು ಪಟ್ಟು. ಆ ಬಟ್ಟನ್ನು ತೂಗುವಾಗಿನ ಅನಿಶ್ಚಿತತೆ ಈ ಮಿತಿಯ ಮೂರನೇ ಒಂದು ಪಾಲನ್ನು ದಾಟಬಾರದು. ಮೇಲಿನ ದರ್ಜೆ ಕೆಳಗಿನದಕ್ಕಿಂತ ಮೂರು ಪಟ್ಟು ಬಿಗಿ ಇದ್ದರೆ ಮಾತ್ರ ಈ ಏಣಿ ನಿಲ್ಲುತ್ತದೆ.

ಈಗ ಪೀಣ್ಯಕ್ಕೆ ಬರೋಣ. ನಮ್ಮ ಔಷಧ ಕಾರ್ಖಾನೆಯ ಹಿತ್ತಾಳೆ ಬಟ್ಟು ಎಫ್2 ದರ್ಜೆಯದು. ಲ್ಯಾಬಿನ ವರ್ಕಿಂಗ್ ಸ್ಟ್ಯಾಂಡರ್ಡ್ ಎಫ್1. ಬಟ್ಟನ್ನು ಬಂದ ದಿನವೇ ತೂಗುವಂತಿಲ್ಲ. ಬಿಸಿಲಲ್ಲಿ ವ್ಯಾನಿನಲ್ಲಿ ಬಂದ ಬಟ್ಟು ಕೋಣೆಗಿಂತ ಬೆಚ್ಚಗಿದ್ದರೆ ಸುತ್ತಲಿನ ಗಾಳಿ ಕಾದು ಮೇಲೇಳುತ್ತ ಅದನ್ನೂ ತುಸು ಎತ್ತುತ್ತದೆ, ಬಟ್ಟು ಹಗುರವೆಂದು ತೋರುತ್ತದೆ. ರಾತ್ರಿಯಿಡೀ ತಕ್ಕಡಿಯ ಪಕ್ಕದಲ್ಲೇ ಇಟ್ಟು, ಮರುದಿನ ಕೈಗವಸು ಹಾಕಿಕೊಂಡು ತೂಕಕ್ಕೆ ಕೂರುತ್ತಾರೆ. ಮೊದಲು ಲ್ಯಾಬಿನ ಬಟ್ಟು, ಆಮೇಲೆ ಕಾರ್ಖಾನೆಯದು, ಮತ್ತೆ ಕಾರ್ಖಾನೆಯದು, ಕೊನೆಗೆ ಮತ್ತೆ ಲ್ಯಾಬಿನದು. ಈ ಸರದಿಯಿಂದ, ತೂಗುತ್ತಿರುವಷ್ಟು ಹೊತ್ತು ತಕ್ಕಡಿ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಆ ಸರಿತ ತಾನಾಗಿ ಕಳೆದುಹೋಗುತ್ತದೆ. ಇಂಥ ಸರದಿಗಳನ್ನು ಕೆಲವು ಬಾರಿ ಮಾಡಿ ಸರಾಸರಿ ತೆಗೆಯುತ್ತಾರೆ.

ಇಷ್ಟಾದ ಮೇಲೂ ನಾಲ್ಕು ಕಡೆ ಅನುಮಾನ ಉಳಿಯುತ್ತದೆ. ವಿಷಯ ಸ್ಪಷ್ಟವಾಗಲೆಂದು ಕೆಲವು ಅಂಕಿಗಳನ್ನು ಹಿಡಿದುಕೊಳ್ಳುತ್ತೇನೆ, ಇಂಥ ಲ್ಯಾಬಿನಲ್ಲಿ ಕಾಣಬಹುದಾದ ಅಳತೆಯವೇ ಇವು.

ಮೊದಲನೆಯದು ಮೇಲಿನಿಂದ ಇಳಿದು ಬಂದದ್ದು. ಲ್ಯಾಬಿನ ಎಫ್1 ಬಟ್ಟಿನ ಸರ್ಟಿಫಿಕೇಟಿನಲ್ಲಿ ಹೆಚ್ಚುಕಡಿಮೆ 1.5 ಮಿಲಿಗ್ರಾಂ ಎಂದಿದೆ. ಸರ್ಟಿಫಿಕೇಟುಗಳಲ್ಲಿ ಈ ಅಂಕಿಯನ್ನು ವಾಡಿಕೆಯಾಗಿ ಎರಡು ಪಟ್ಟು ಮಾಡಿ ಬರೆದಿರುತ್ತಾರೆ, ನಿಜವಾದ ಬೆಲೆ ಆ ಮಿತಿಯೊಳಗೇ ಇರುವ ಸಂಭವ ಸುಮಾರು 95 ಶೇಕಡಾ ಆಗಲೆಂದು. ಅದರ ಅರ್ಧ 0.75. ಸೆವ್ರ್, ದೆಹಲಿ, ನಡುವಿನ ಎಲ್ಲರೂ ಸೇರಿ ಕೊಟ್ಟ ಪಾಲು ಪೂರ್ತಿ ಇದರೊಳಗೇ ಇದೆ.

ಎರಡನೆಯದು, ಆ ಸರ್ಟಿಫಿಕೇಟ್ ಬರೆದ ದಿನಕ್ಕೂ ಈ ದಿನಕ್ಕೂ ನಡುವೆ ಲ್ಯಾಬಿನ ಬಟ್ಟು ಬದಲಾಗಿರಬಹುದು ಎಂಬುದು. ಸರ್ಟಿಫಿಕೇಟ್ ಹೇಳುವುದು ಅಂದಿನ ತೂಕ. ಹಿಂದಿನ ವರ್ಷಗಳ ದಾಖಲೆ ನೋಡಿ, ಒಂದು ವರ್ಷದಲ್ಲಿ ಒಂದು ಮಿಲಿಗ್ರಾಂಗಿಂತ ಹೆಚ್ಚು ಬದಲಾಗದು ಎಂದಿಟ್ಟುಕೊಂಡರೆ ಅದರ ಪಾಲು 0.58. ಮೂರನೆಯದು ತಕ್ಕಡಿ. ಒಂದೇ ಬಟ್ಟನ್ನು ಮತ್ತೆ ಮತ್ತೆ ಇಟ್ಟರೂ ಅದು ಒಂದೇ ಅಂಕಿ ತೋರಿಸುವುದಿಲ್ಲ, ಅದಕ್ಕೆ 0.8.

ನಾಲ್ಕನೆಯದು ಮತ್ತೆ ಗಾಳಿಯೇ. ಬಟ್ಟುಗಳ ತೂಕವನ್ನು ಒಂದು ಸಂಪ್ರದಾಯದ ಪ್ರಕಾರ ಹೇಳುತ್ತಾರೆ: ಗಾಳಿ ಘನ ಮೀಟರಿಗೆ 1.2 ಕಿಲೋ ಇದೆ ಎಂದುಕೊಂಡು. ಇದು ಸಮುದ್ರಮಟ್ಟದ ಗಾಳಿಗೆ ಹತ್ತಿರದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಘನ ಮೀಟರಿಗೆ ಸುಮಾರು 1.07 ಕಿಲೋ ಮಾತ್ರ. ಲ್ಯಾಬಿನ ಬಟ್ಟು ಸ್ಟೀಲಿನದು, ಕಾರ್ಖಾನೆಯದು ಹಿತ್ತಾಳೆ. ಗಾತ್ರದಲ್ಲಿ ಸುಮಾರು 6 ಘನ ಸೆಂಟಿಮೀಟರ್ ವ್ಯತ್ಯಾಸ. ಅದರಿಂದ ಬೆಂಗಳೂರಿನಲ್ಲಿ 0.8 ಮಿಲಿಗ್ರಾಂವರೆಗೆ ತಪ್ಪಾಗಬಹುದು. ಹಿತ್ತಾಳೆಯ ನಿಖರ ಸಾಂದ್ರತೆ ಗೊತ್ತಿದ್ದರೆ ತಿದ್ದಬಹುದಿತ್ತು. ಗೊತ್ತಿಲ್ಲವಾದ್ದರಿಂದ ತಿದ್ದದೆ, ಅನುಮಾನದ ಲೆಕ್ಕಕ್ಕೇ 0.45 ಎಂದು ಹಾಕಿಕೊಳ್ಳುತ್ತಾರೆ. ಇದೇ ಬಟ್ಟನ್ನು ಮಂಗಳೂರಿನಲ್ಲಿ ತೂಗಿದ್ದರೆ ಈ ಪಾಲು ಬಹುತೇಕ ಇರುತ್ತಲೇ ಇರಲಿಲ್ಲ.

ಈ ನಾಲ್ಕನ್ನೂ ನೇರವಾಗಿ ಕೂಡಿದರೆ 2.58 ಆಗುತ್ತದೆ. ಆದರೆ ಹಾಗೆ ಕೂಡುವುದಿಲ್ಲ. ಸರ್ಟಿಫಿಕೇಟಿನ ತಪ್ಪು, ತಕ್ಕಡಿಯ ತಪ್ಪು, ಗಾಳಿಯ ತಪ್ಪು ಎಲ್ಲವೂ ಮಾತಾಡಿಕೊಂಡು ಒಂದೇ ದಿಕ್ಕಿಗೆ ವಾಲುವುದಿಲ್ಲ, ಒಂದು ಹೆಚ್ಚಿಸಿದರೆ ಇನ್ನೊಂದು ತಗ್ಗಿಸಬಹುದು. ಅದಕ್ಕಾಗಿ ಪ್ರತಿಯೊಂದರ ವರ್ಗವನ್ನು ಕೂಡಿ, ಮೊತ್ತದ ವರ್ಗಮೂಲ ತೆಗೆಯುತ್ತಾರೆ. ಬರುವುದು 1.32. ಅದರ ಎರಡು ಪಟ್ಟು 2.6. ಸರ್ಟಿಫಿಕೇಟಿನಲ್ಲಿದ್ದ ಎರಡನೆಯ ಅಂಕಿ ಇದೇ.

ವರ್ಗದಿಂದ ಕೂಡುವ ಈ ರೀತಿಗೆ ಎರಡು ಪರಿಣಾಮಗಳಿವೆ. ವರ್ಗ ಯಾವಾಗಲೂ ಧನಸಂಖ್ಯೆ, ಹಾಗಾಗಿ ಪ್ರತಿ ಹೋಲಿಕೆಯೂ ಮೊತ್ತವನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಎಷ್ಟೇ ಒಳ್ಳೆಯ ತಕ್ಕಡಿ ತಂದರೂ, ಎಷ್ಟೇ ಸಲ ತೂಗಿದರೂ, ಮೇಲಿನಿಂದ ಬಂದ 0.75 ಅಲ್ಲೇ ಇರುತ್ತದೆ. ಮತ್ತೆ ಮತ್ತೆ ತೂಗಿ ಸರಾಸರಿ ತೆಗೆದರೆ ತಕ್ಕಡಿಯ ಪಾಲು ಮಾತ್ರ ಕುಗ್ಗುತ್ತದೆ, ಏಕೆಂದರೆ ಲ್ಯಾಬಿನ ಬಟ್ಟು ಹೇಳುವ ತಪ್ಪು ಪ್ರತಿ ಸಲವೂ ಅದೇ ತಪ್ಪು. ಎರಡನೆಯ ಪರಿಣಾಮ, ವರ್ಗ ಮಾಡಿದಾಗ ದೊಡ್ಡದು ಇನ್ನೂ ದೊಡ್ಡದಾಗಿ ಚಿಕ್ಕದು ಕಾಣದಂತಾಗುತ್ತದೆ. ಸೆವ್ರ್‌ನ 0.02 ಇಲ್ಲಿಗೆ ಬರುವಷ್ಟರಲ್ಲಿ ಹೆಸರಿಗೆ ಮಾತ್ರ ಉಳಿದಿದೆ. ಲ್ಯಾಬಿನ ಎಫ್1 ಬಟ್ಟಿನಲ್ಲಿ ಅನಿಶ್ಚಿತತೆಯೇ ಇಲ್ಲ ಎಂದು ಊಹಿಸಿ ಇದೇ ಲೆಕ್ಕ ಮತ್ತೆ ಮಾಡಿದರೂ 2.6 ಇಳಿಯುವುದು 2.2ರವರೆಗೆ ಮಾತ್ರ. 'ನಮ್ಮದು ನೇರ ದೆಹಲಿಯಿಂದ ಕ್ಯಾಲಿಬ್ರೇಟ್ ಆದ ಬಟ್ಟು' ಎಂದು ಜಾಹೀರಾತು ಮಾಡುವ ಲ್ಯಾಬುಗಳು ತಮ್ಮ ಕೋಣೆಯ ತಕ್ಕಡಿಯ ಬಗ್ಗೆ ಒಂದು ಮಾತು ಹೇಳಿದ್ದರೆ ಹೆಚ್ಚು ಉಪಯೋಗವಿತ್ತು.

ಸರಪಳಿ ಎಲ್ಲಿ ತುಂಡಾಗಿದೆ ಎಂದು ತಿಳಿಯಲು ಲ್ಯಾಬಿನವರ ಬಳಿ ಇರುವ ಒಳ್ಳೆಯ ಸಾಧನ ಹಳೆಯ ಸರ್ಟಿಫಿಕೇಟುಗಳೇ. ಅದೇ ಎಫ್1 ಬಟ್ಟು ಹೋದ ಸಲ 1.2 ಮಿಲಿಗ್ರಾಂ ಹೆಚ್ಚು ಎಂದಿತ್ತು, ಈ ಸಲ 3.9 ಹೆಚ್ಚು ಎಂದು ಬಂದಿದೆ ಅನ್ನಿ. ಎರಡೂ 5 ಮಿಲಿಗ್ರಾಂನ ಮಿತಿಯೊಳಗೇ ಇರುವುದರಿಂದ 'ಪಾಸ್' ಎಂದು ಸುಮ್ಮನಾಗುವವರಿದ್ದಾರೆ. ಆದರೆ ಅಂತರ 2.7, ಎರಡು ಸರ್ಟಿಫಿಕೇಟುಗಳ ಅನಿಶ್ಚಿತತೆಯನ್ನು ವರ್ಗದಿಂದ ಕೂಡಿದರೆ 2.1. ಅಂತರ ಅದನ್ನು ಮೀರಿದೆ ಎಂದರೆ ಇದು ಅಳತೆಯ ಸಹಜ ಏರಿಳಿತ ಎನ್ನುವಂತಿಲ್ಲ, ಬಟ್ಟಿಗೇ ಏನೋ ಆಗಿದೆ ಎಂದೇ ಅನುಮಾನಿಸಬೇಕು. ತೂಕ ಏರಿದ್ದರಿಂದ ಸವೆತವಲ್ಲ. ಯಾರೋ ಬರಿಗೈಯಲ್ಲಿ ಮುಟ್ಟಿರಬಹುದು, ಜಿಡ್ಡು ಕೂತಿರಬಹುದು. ನಡುವೆ ಆ ಬಟ್ಟಿನಿಂದ ತೂಗಿಕೊಟ್ಟ ಗಿರಾಕಿಗಳ ಬಟ್ಟುಗಳೆಲ್ಲ ಈಗ ಪ್ರಶ್ನೆಗೆ ಒಳಗಾಗುತ್ತವೆ. ವರ್ಷ ತುಂಬುವವರೆಗೆ ಕಾಯದೆ, ಕಪಾಟಿನ ರೆಫರೆನ್ಸ್ ಬಟ್ಟಿನ ಜೊತೆ ನಡುನಡುವೆ ಹೋಲಿಸಿ ಗ್ರಾಫ್ ಹಾಕಿಕೊಳ್ಳುವ ಲ್ಯಾಬಿಗೆ ಇದು ಯಾವ ತಿಂಗಳು ಆಯಿತೆಂದಾದರೂ ಗೊತ್ತಿರುತ್ತದೆ.

ಕಾರ್ಖಾನೆಯ ಬಟ್ಟಿನ ಗತಿಯೇನು? 14 ಮಿಲಿಗ್ರಾಂ ಹೆಚ್ಚು, ಎಫ್2 ಮಿತಿ 16. ಮೊದಲ ಅಂಕಿಯೊಂದನ್ನೇ ಓದಿದವರಿಗೆ ಇದು ಪಾಸ್. ಆದರೆ 14ಕ್ಕೆ 2.6 ಸೇರಿದರೆ 16.6, ನಿಜವಾದ ತೂಕ ಮಿತಿಯ ಆಚೆ ಇರುವ ಸಾಧ್ಯತೆ ಉಳಿದೇ ಇದೆ. ಬಟ್ಟುಗಳ ನಿಯಮದ ಪ್ರಕಾರ ತಪ್ಪು ಇರಬಹುದಾದದ್ದು ಮಿತಿಯಿಂದ ಅನಿಶ್ಚಿತತೆಯನ್ನು ಕಳೆದಷ್ಟು ಮಾತ್ರ, ಅಂದರೆ 13.4. ಹಾಗಾಗಿ ಲ್ಯಾಬ್ ಇದನ್ನು ಎಫ್2 ಎಂದು ಬರೆದುಕೊಡುವಂತಿಲ್ಲ. ಈ ದರ್ಜೆಯ ಬಟ್ಟಿನಲ್ಲಿ ಸರಿಪಡಿಸಲು ಒಂದು ಚಿಕ್ಕ ಪೊಳ್ಳು ಇರಬಹುದು. ಇದ್ದರೆ ತಲೆಯ ಗುಂಡಿ ತಿರುಗಿಸಿ, ಒಳಗಿನ ಲೋಹದ ಚೂರುಗಳಲ್ಲಿ ಒಂದಿಷ್ಟು ತೆಗೆದು, ಮತ್ತೆ ಮುಚ್ಚಿ ತೂಗಬಹುದು. ಆದರೆ ತೆರೆಯುವ ಮೊದಲಿನ 14 ಎಂಬ ಅಂಕಿಯನ್ನೂ ಸರ್ಟಿಫಿಕೇಟಿನಲ್ಲಿ ಬರೆದಿಡಬೇಕು. ಕಳೆದ ವರ್ಷವಿಡೀ ಕಾರ್ಖಾನೆಯ ತಕ್ಕಡಿಗಳನ್ನು ಪರೀಕ್ಷಿಸಿದ್ದು ಆ ತೂಕದ ಬಟ್ಟಿನಿಂದ, ಸರಿಪಡಿಸಿದ ಹೊಸ ತೂಕದಿಂದಲ್ಲ.